ಆಕ್ಸಿಮೀಟರ್, ಥರ್ಮಾಮೀಟರ್, ಫಸ್ಟ್ ಏಡ್ ಪೆಟ್ಟಿಗೆ: ಯಾವುದು ತಗೋಬೇಕು?

ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಎರಡು ಬಗೆ. ಒಂದು ಬರೀ ಅಂಕಿ ತೋರಿಸುತ್ತದೆ, ಇನ್ನೊಂದು ಅಂಕಿಯ ಜೊತೆ ನಾಡಿಯ ಅಲೆಯನ್ನೂ ತೋರಿಸುತ್ತದೆ. ಎರಡನ್ನೂ ಬಳಸಿ ನೋಡಿದ ಮೇಲೆ ನಮ್ಮ ಓಟು ಅಲೆ ತೋರಿಸುವುದಕ್ಕೇ. ಪರದೆಯಲ್ಲಿ SpO2, ಅಂದರೆ ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ಅಂಕಿ, 91 ಬಂತು ಅಂತಿಟ್ಟುಕೊಳ್ಳಿ. ಅಲೆ ಒಂದೇ ಸಮ ಏರಿಳಿಯುತ್ತಿದ್ದರೆ ಅದು ಲೆಕ್ಕಕ್ಕೆ ಬರುವ ಅಂಕಿ. ಅಲೆ ಚಪ್ಪಟೆಯಾಗಿದ್ದರೆ ಅಥವಾ ಅಡ್ಡಾದಿಡ್ಡಿ ಹಾರುತ್ತಿದ್ದರೆ ಬೆರಳು ತಣ್ಣಗಿದೆ, ಕೈ ಅಲುಗುತ್ತಿದೆ ಅಥವಾ ಉಗುರಿಗೆ ಬಣ್ಣವಿದೆ. ಬಣ್ಣ ತೆಗೆದು, ಕೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾದರೆ ಅದೇ ಬೆರಳಲ್ಲಿ 97 ಬರುವುದುಂಟು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗೆ. ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. 42 ಸಿಕ್ಕರೆ ನಿಮಿಷಕ್ಕೆ 84. ಯಂತ್ರ ನಾಡಿಯನ್ನು 86 ಅಂದರೆ ಸರಿ, 120 ಅಂದರೆ ಅದರ SpO2 ಅಂಕಿಯನ್ನೂ ನಂಬಬೇಡಿ. ಬೆರಳಿನ ಬದಲು ಪೆನ್ಸಿಲ್ ಇಟ್ಟು, ಅಂಕಿ ಬಂದರೆ ಯಂತ್ರ ನಕಲಿ ಅನ್ನುವ ಪರೀಕ್ಷೆಗೆ ಅಷ್ಟೊಂದು ಬೆಲೆ ಕೊಡಬೇಕಿಲ್ಲ, ಒಳ್ಳೆಯ ಯಂತ್ರವೂ ಒಮ್ಮೊಮ್ಮೆ ಏನಾದರೊಂದು ಅಂಕಿ ತೋರಿಸಿಬಿಡುತ್ತದೆ. ಒಳ್ಳೆಯದರಲ್ಲೂ ಎರಡು ಮೂರು ಅಂಕಿಯ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಹಾಗಾಗಿ 97, 96 ಆದದ್ದಕ್ಕೆ ಗಾಬರಿ ಬೇಡ. ಚರ್ಮ ಕಪ್ಪಾದಷ್ಟೂ ಇದು ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯಿದೆ. ಆದ್ದರಿಂದ ಉಸಿರಾಟ ಕಷ್ಟವಾದರೆ ಅಂಕಿ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ.

ಥರ್ಮಾಮೀಟರ್‌ನಲ್ಲಿ ಹಣೆಗೆ ಹಿಡಿಯುವ ಗನ್ನಿಗಿಂತ ಕಡ್ಡಿಯಂಥ ಡಿಜಿಟಲ್ ಮೇಲು. ಗನ್ ಹಿಡಿದ ದೂರ ಬದಲಾದರೆ, ಹಣೆ ಬೆವರಿದ್ದರೆ, ಫ್ಯಾನ್ ಕೆಳಗೆ ಕೂತಿದ್ದರೆ ಜ್ವರ ಕಡಿಮೆಯೇ ಕಾಣುತ್ತದೆ. ವಸ್ತುಗಳ ಬಿಸಿ ಅಳೆಯುವ ಮೋಡ್‌ನಲ್ಲಿದ್ದರಂತೂ ಲೆಕ್ಕವೇ ತಪ್ಪುತ್ತದೆ. ನಿದ್ದೆ ಮಾಡುವ ಮಗುವಿಗೆ ಮಾತ್ರ ಅದು ಅನುಕೂಲ. ಕಡ್ಡಿಯನ್ನು ಕಂಕುಳಲ್ಲಿ ಇಟ್ಟಾಗ ಬೀಪ್ ಬಂದ ಮೇಲೂ ಇನ್ನೊಂದೆರಡು ನಿಮಿಷ ಬಿಡಿ, ತುದಿ ಇನ್ನೂ ಬಿಸಿಯಾಗುತ್ತಿರುತ್ತದೆ. ಬಾಯಿಯ ಅಳತೆಗಿಂತ ಕಂಕುಳಿನದು ಸುಮಾರು ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರುವುದು ಸಹಜ. ಅನುಮಾನ ಬಂದರೆ ಎರಡು ಕಡ್ಡಿಗಳ ತುದಿಯನ್ನು ಒಂದೇ ಬಟ್ಟಲಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹೋಲಿಸಿ. ಐಸ್ ನೀರಲ್ಲಿ ಪರೀಕ್ಷಿಸಲು ಹೋದರೆ ಪರದೆ `Lo` ಅಂದು ಸುಮ್ಮನಾಗುತ್ತದೆ.

ರೆಡಿಮೇಡ್ ಫಸ್ಟ್ ಏಡ್ ಪೆಟ್ಟಿಗೆ ನೋಡಲು ಚೆಂದ, ಆದರೆ ಡಬ್ಬಿಯ ಮೇಲಿನ ಒಂದೇ ದಿನಾಂಕ ಒಳಗಿನ ಎಲ್ಲದಕ್ಕೂ ಅನ್ವಯಿಸುವುದಿಲ್ಲ. ಬಿಡಿಬಿಡಿಯಾಗಿ ಕೊಂಡು ನಾವೇ ಜೋಡಿಸಿದರೆ ಪ್ರತಿಯೊಂದರ `EXP` ನೋಡಿಯೇ ತರಬಹುದು. ಸ್ಟೆರೈಲ್ ಗಾಜ್‌ನ ಪೊಟ್ಟಣ ಹರಿದಿದ್ದರೆ ಅಥವಾ ನೆನೆದಿದ್ದರೆ ದಿನಾಂಕ ಬಾಕಿಯಿದ್ದರೂ ಗಾಯಕ್ಕೆ ಬೇಡ. ಬ್ಯಾಂಡೇಜ್ ಪಟ್ಟಿಯ ಅಂಟು ಸೆಕೆಗೆ ಕರಗಿ ಕಾಗದಕ್ಕೇ ಅಂಟಿಕೊಳ್ಳುತ್ತದೆ, ಹಾಗಾಗಿ ಪೆಟ್ಟಿಗೆಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಓಆರ್‌ಎಸ್ ಪೊಟ್ಟಣ 1 ಲೀಟರಿಗೋ 200 ಮಿಲಿಲೀಟರಿಗೋ ಓದಿಕೊಳ್ಳಿ, ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ.

ಪ್ಯಾರಾಸಿಟಮಾಲ್‌ನದು ಬೇರೆಯೇ ತಾಪತ್ರಯ. ಹಲವು ಸ್ಟ್ರಿಪ್‌ಗಳಲ್ಲಿ ದಿನಾಂಕ ಒಂದೇ ತುದಿಯಲ್ಲಿರುತ್ತದೆ. ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಆ ತುದಿ ಅಲ್ಲೇ ಉಳಿಯಬಹುದು. ಪೂರ್ತಿ ಸ್ಟ್ರಿಪ್ಪೇ ಕೇಳಿ, ಮನೆಯಲ್ಲಿ ದಿನಾಂಕವಿಲ್ಲದ ತುದಿಯಿಂದ ಖರ್ಚು ಮಾಡುತ್ತಾ ಬನ್ನಿ.