ಕತ್ತರಿಸೋದಾ, ತಿರುಗಿಸಿ ಬರೆಯೋದಾ?

ಕಲಬುರಗಿಯ ಖಡಕ್ ರೊಟ್ಟಿ ಅಂಗಡಿಯೊಂದಕ್ಕೆ ಬೆಂಗಳೂರಿನ ಗ್ರಾಹಕಿ ಉದ್ದನೆಯ ರಿವ್ಯೂ ಬರೆದಿದ್ದಾರೆ ಅಂದುಕೊಳ್ಳಿ. ಗೃಹಪ್ರವೇಶದ ಗಡಿಬಿಡಿ, ಒಂದು ದಿನ ತಡವಾದ ಪಾರ್ಸಲ್, ಮುರಿದ ನಾಲ್ಕು ರೊಟ್ಟಿ, ಶೇಂಗಾ ಹಿಂಡಿಯ ರುಚಿ, ಎಲ್ಲವೂ ಇದೆ. ಅದನ್ನು ಅಂಗಡಿಯ ಇನ್‌ಸ್ಟಾಗ್ರಾಮ್ ಪೋಸ್ಟ್‌ನಲ್ಲಿ ಹಾಕಬೇಕು, ಆದರೆ ಅಲ್ಲಿಗೆ ಬೇಕಿರುವುದು ಮೂರು ಸಾಲು.

ನಮ್ಮ ಮಾತಲ್ಲಿ ತಿರುಗಿಸಿ ಬರೆದರೆ ಹೀಗಾಗುತ್ತದೆ: "ರುಚಿಕರ, ಗುಣಮಟ್ಟದ ರೊಟ್ಟಿ. ಎಲ್ಲರೂ ಕೊಳ್ಳಲೇಬೇಕು!" ಓದಲು ಸಲೀಸು. ಆದರೆ ಇದು ಅಂಗಡಿಯವರ ಮಾತು ಅಂತ ಯಾರಿಗಾದರೂ ಗೊತ್ತಾಗುತ್ತೆ, ಅಲ್ವಾ? ಗ್ರಾಹಕಿ ಹೇಳದ್ದನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದು ತಪ್ಪೂ ಹೌದು.

ಕತ್ತರಿಸಿದರೆ: "ಪಾರ್ಸಲ್ ಒಂದು ದಿನ ತಡ ಆಯ್ತು, ನಾಲ್ಕು ರೊಟ್ಟಿ ಮುರಿದಿದ್ವು… ಉಳಿದವು ಹತ್ತು ದಿನ ಆದ್ರೂ ಗರಿಗರಿ." ಬಿಟ್ಟ ಕಡೆ ಮೂರು ಚುಕ್ಕಿ, ಅಷ್ಟೇ. ಆ ತಡದ ಮಾತೇ ನಂಬಿಕೆ ತರುವುದು, ಅದನ್ನು ತೆಗೆಯಬೇಡಿ. ಕತ್ತರಿಸಿದ್ದನ್ನು ಮೂಲದ ಪಕ್ಕ ಇಟ್ಟು ಓದಿ. ಒಟ್ಟು ಅಭಿಪ್ರಾಯ ಬದಲಾಗಿದ್ದರೆ ಕತ್ತರಿ ಜಾಸ್ತಿ ಓಡಿದೆ.

ನನ್ನ ಆಯ್ಕೆ ಕತ್ತರಿಯೇ. ರಿವ್ಯೂ ತೀರಾ ಗೋಜಲಾಗಿದ್ದರೆ ಮಾತ್ರ ತಿರುಗಿಸಿ ಬರೆಯಿರಿ, ಚಿಹ್ನೆ ಹಾಕದೆ.

ಎರಡಕ್ಕೂ ಒಪ್ಪಿಗೆ ಬೇಕು. ರಿವ್ಯೂ ಎಲ್ಲರಿಗೂ ಕಾಣುತ್ತೆ ಅಂದ ಮಾತ್ರಕ್ಕೆ ಹೆಸರು, ಫೋಟೋ ಜಾಹೀರಾತಿಗೆ ಸಿಕ್ಕಂತಲ್ಲ. ಸುಮ್ನೆ "ಹಾಕ್ಲಾ?" ಅಂತ ಕೇಳಬೇಡಿ. ಸಿದ್ಧವಾದ ಪೋಸ್ಟನ್ನೇ ಕಳಿಸಿ:

"ಮೇಡಂ, ನಿಮ್ಮ ರಿವ್ಯೂನ ಈ ಸಾಲುಗಳನ್ನು ನಮ್ಮ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಬಹುದಾ? ಪೂರ್ತಿ ಹೆಸರು ಬೇಕಾ, ಊರು ಮಾತ್ರ ಸಾಕಾ? ಬೇಡ ಅಂದಾಗ ತೆಗೆಯುತ್ತೇವೆ."

ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಉತ್ತರ ಬರಲಿಲ್ಲವೇ? ಅದು ಒಪ್ಪಿಗೆಯಲ್ಲ.