ಚದರ ಅಡಿ ಸರಿ ಇತ್ತು, ಮಲಗಲು ಜಾಗ ಇರಲಿಲ್ಲ

ಮುಧೋಳ ತಾಲ್ಲೂಕಿನ ನಮ್ಮ ಹೊಲದಲ್ಲಿ ಹೋದ ವರ್ಷ ಹೊಸ ದನದ ಕೊಟ್ಟಿಗೆ ಕಟ್ಟಿಸಿದೆ. ನಾಲ್ಕು ಎಚ್‌ಎಫ್ ಮಿಶ್ರತಳಿ ಆಕಳು, ಎರಡು ಎಮ್ಮೆ, ಮೂರು ಸಣ್ಣ ಕರು. ಲೆಕ್ಕ ಹಾಕದೆ ಕಟ್ಟಿಸಿದೆ ಎಂದು ಯಾರೂ ಅನ್ನುವಂತಿಲ್ಲ. ಆಕಳಿಗೆ ನೆರಳಿನ ಜಾಗ 3.5 ಚದರ ಮೀಟರ್, ಎಮ್ಮೆಗೆ 4, ಕರುವಿಗೆ 1. ಕೂಡಿಸಿದರೆ 25 ಚದರ ಮೀಟರ್, ಸುಮಾರು 270 ಚದರ ಅಡಿ. ಗೌಂಡಿ 18 ಅಡಿ ಉದ್ದ, 15 ಅಡಿ ಅಗಲ ಗುರುತು ಹಾಕಿದ. ಗುಣಿಸಿ ನೋಡಿ ಸುಮ್ಮನಾದೆ.

ಗೋದಲಿ ಉದ್ದಕ್ಕೂ 18 ಅಡಿ. ಆರು ದೊಡ್ಡ ದನಕ್ಕೆ ತಲಾ ಮೂರು ಅಡಿ. "ಎರಡೂವರೆ ಅಡಿಯೇ ಸಾಕು ಗೌಡರೇ, ಅರ್ಧ ಅಡಿ ಹೆಚ್ಚೇ ಬಂದಿದೆ" ಎಂದ. ಅವನು ಹೇಳಿದ ಅಳತೆ ಸುಳ್ಳಲ್ಲ. ಆದರೆ ಅದು ದನ ಬಿಟ್ಟು ಸಾಕುವವರ ಅಳತೆ. ಅಲ್ಲಿ ದನ ಬಂದು ತಿಂದು ಬೇರೆ ಕಡೆ ಹೋಗಿ ಮಲಗುತ್ತದೆ. ನಾವು ಕಟ್ಟಿ ಹಾಕುವವರು. ಕಟ್ಟಿದ ದನ ತಿಂದ ಜಾಗದಲ್ಲೇ ಮಲಗಬೇಕು, ಹಾಗಾಗಿ ಅದಕ್ಕೆ ಮೂತಿಯ ಅಗಲವಲ್ಲ, ಹೊಟ್ಟೆಯ ಅಗಲ ಬೇಕು: ತಲಾ ಮೂರೂವರೆಯಿಂದ ನಾಲ್ಕು ಅಡಿ. ನನಗೆ ಬೇಕಿದ್ದದ್ದು 24 ಅಡಿ.

ಇದು ತಿಳಿಯಲು ಒಂದು ಆಕಳ ಮೊಲೆ ಹೋಗಬೇಕಾಯಿತು. ರಾತ್ರಿ ಪಕ್ಕದ ಎಮ್ಮೆ ಏಳುವಾಗ ತುಳಿಯಿತು, ಕೆಚ್ಚಲು ಬಾವು ಬಂತು, ಆ ಮೊಲೆಯಲ್ಲಿ ಹಾಲು ನಿಂತೇ ಹೋಯಿತು. ನೋಡಲು ಬಂದ ಪಶುವೈದ್ಯರು ಕೇಳಿದ್ದು ಒಂದೇ ಮಾತು: "ಮಧ್ಯರಾತ್ರಿ ಎಷ್ಟು ಮಲಗಿರುತ್ತವೆ?" ಅಂದು ರಾತ್ರಿ ಬ್ಯಾಟರಿ ಹಿಡಿದು ಹೋದೆ. ನಾಲ್ಕು ಮಲಗಿದ್ದವು. ಎರಡು ಕಣ್ಣು ಮುಚ್ಚಿ ನಿಂತಿದ್ದವು.

ಮೂತ್ರದ ಗಟಾರಿನದು ಇನ್ನೊಂದು ಗೋಳು. ಆರು ಅಂಗುಲ ಅಗಲ, ಅಷ್ಟೇ ಆಳ. ಸಲಿಕೆ ಇಳಿಯುತ್ತಿರಲಿಲ್ಲ, ಗೊರಸು ಮಾತ್ರ ಇಳಿಯುತ್ತಿತ್ತು. ಸಗಣಿ, ಕಬ್ಬಿನ ರವದಿ ಸಿಕ್ಕಿಕೊಂಡು ಮೂತ್ರ ದನದ ಕಾಲ ಕೆಳಗೇ ಮಡುಗಟ್ಟುತ್ತಿತ್ತು. ಗಟಾರು ಒಂದು ಅಡಿ ಅಗಲ, ಎರಡೂವರೆ ಮೂರು ಅಂಗುಲ ಆಳ ಇದ್ದರೆ ಸಾಕು; ಸಲಿಕೆಯನ್ನು ಒಂದೇ ಎಳೆತಕ್ಕೆ ಎಳೆಯಬಹುದು. ದನ ನಿಲ್ಲುವ ನೆಲ ಗೋದಲಿಯಿಂದ ಗಟಾರಿನವರೆಗೆ ಐದೂವರೆ ಅಡಿ, ಅಷ್ಟರಲ್ಲಿ ಒಂದೂವರೆ ಅಂಗುಲ ಇಳಿಜಾರು. ಒಂದು ಕೊಡ ನೀರು ಸುರಿದು ನೋಡಿದರೆ ನಿಜ ತಿಳಿಯುತ್ತದೆ; ನಾನು ಹಣ ಕೊಟ್ಟ ಮೇಲೆ ಸುರಿದೆ.

ಅಗಲ ಮಾತ್ರ ಸರಿ ಇತ್ತು: ಮೇವು ಹಾಕುವ ದಾರಿ ಎರಡೂವರೆ, ಗೋದಲಿ ಎರಡು, ನಿಲ್ಲುವ ನೆಲ ಐದೂವರೆ, ಗಟಾರು ಹಿಗ್ಗಿಸಿದರೆ ಒಂದು, ಹಿಂದಿನ ಓಡಾಟಕ್ಕೆ ನಾಲ್ಕು. ಆದರೆ ಆ ನಾಲ್ಕು ಅಡಿಯಲ್ಲಿ ಕರುಗಳನ್ನು ಕಟ್ಟಿದ್ದೆ, ಹಾಲು ಕರೆಯುವವರು ಕರು ದಾಟಿಕೊಂಡೇ ಹೋಗಬೇಕಿತ್ತು.

ಈಗ ಕೊನೆಯ ಗೋಡೆ ಒಡೆಸಿ ಆರು ಅಡಿ ಮುಂದಕ್ಕೆ ಎಳೆಸಿದ್ದೇನೆ. ಕರುಗಳಿಗೆ ಪಕ್ಕದಲ್ಲಿ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಬೇರೆ ಮಾಡು. ಕಟ್ಟಿಸುವವರು ಮೊದಲು ಬಯಲಲ್ಲಿ ಸುಣ್ಣದ ಗೆರೆ ಎಳೆದು, ಗೂಟ ಹೊಡೆದು, ನಿಮ್ಮದೇ ದನಗಳನ್ನು ಎರಡು ರಾತ್ರಿ ಅದೇ ಅಳತೆಯಲ್ಲಿ ಕಟ್ಟಿ ನೋಡಿ. ಎಲ್ಲವೂ ಒಟ್ಟಿಗೆ ಮಲಗಿದರೆ ಗೌಂಡಿಯನ್ನು ಕರೆಯಿರಿ.