ಒಳಗೆ ಕಾರಂಜಿಯೋ, ಕಿಟಕಿಯಾಚೆಯ ಮರವೋ?

ಮನೆಯಲ್ಲಿ ಕೂತಾಗ ಮನಸ್ಸು ಹಗುರಾಗಲು ಮಂಗಳೂರಿನ ಫ್ಲ್ಯಾಟ್‌ಗೆ ಪುಟ್ಟ ಕಾರಂಜಿ ತರೋದಾ, ಇಲ್ಲ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸೋದಾ? ನನ್ನ ಓಟು ಕಿಟಕಿಗೆ.

ಕಾರಂಜಿಯ ಸದ್ದು ಹಿತ, ನಿಜ. ಆದರೆ ಮಳೆಗಾಲದಲ್ಲಿ ನಮ್ಮ ಗಾಳಿಯೇ ಒದ್ದೆ, ಅಲ್ವಾ? ಹನಿ ಸಿಡಿದರೆ ಪಕ್ಕದ ಕಪಾಟಿಗೆ ಬೂಷ್ಟು. ಪಂಪ್ ನಿಲ್ಲಿಸಿ ಊರಿಗೆ ಹೋದರೆ ತೊಂದರೆ ಇನ್ನೂ ಜಾಸ್ತಿ. ನಿಂತ ನೀರಲ್ಲಿ ಡೆಂಗಿ ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ತೊಟ್ಟಿಯ ಒಳಗೋಡೆಯನ್ನೂ ಉಜ್ಜಬೇಕು. ಮೊಟ್ಟೆ ಅಂಟಿರುವುದು ಅಲ್ಲೇ.

ಕಿಟಕಿಗೆ ಖರ್ಚಿಲ್ಲ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆದಮೇಲೆ ಮರ ಕಾಣುವ ಕೋಣೆಯಲ್ಲಿದ್ದವರು ಇಟ್ಟಿಗೆ ಗೋಡೆ ನೋಡುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಕೂತಾಗ ತೆಂಗಿನ ಗರಿಯೋ ಹಲಸಿನ ಎಲೆಯೋ ಕಾಣುವಂತೆ ಕುರ್ಚಿ ಹಾಕಿ.

ಎದುರು ಬರೀ ಗೋಡೆಯಾ? ಗ್ರಿಲ್‌ಗೆ ಮನಿ ಪ್ಲಾಂಟ್ ಹಬ್ಬಿಸಿ.